ಕೀಬೋರ್ಡ್ ನೋಡದೆ ಟೈಪಿಂಗ್: ಬೆರಳು ಎಲ್ಲಿ, ಎಷ್ಟು ಹೊತ್ತು

"ಎರಡೇ ಬೆರಳಲ್ಲಿ ಟೈಪ್ ಮಾಡ್ತೀನಿ. ಮೊದಲಿಂದ ಸರಿಯಾಗಿ ಕಲೀಬೇಕು. ಬೆರಳು ಎಲ್ಲಿಡಬೇಕು, ಆಫೀಸ್ ಕೆಲಸದ ಜೊತೆ ದಿನಕ್ಕೆ ಎಷ್ಟು ಹೊತ್ತು ಸಾಕು?"

F ಮತ್ತು J ಕೀಗಳನ್ನು ಸವರಿ ನೋಡಿ, ಸಣ್ಣ ಉಬ್ಬು ಸಿಗುತ್ತೆ. ಎರಡೂ ತೋರುಬೆರಳು ಅಲ್ಲಿ ಕೂರಲಿ. ಎಡಗೈಯ ಉಳಿದ ಬೆರಳು D, S, A ಮೇಲೆ, ಬಲಗೈಯವು K, L, ; ಮೇಲೆ. ಹೆಬ್ಬೆರಳು ಸ್ಪೇಸ್‌ಗೆ.

ನಿಜವಾದ ಕಲಿಕೆ ಇರೋದು ಬೆರಳು ವಾಪಸ್ ಬರೋದರಲ್ಲಿ. the ಬರೆಯೋವಾಗ F ಮೇಲಿನ ಬೆರಳು T ಒತ್ತಿ F‌ಗೆ ಮರಳಬೇಕು, J ಬೆರಳು H ಒತ್ತಿ J‌ಗೆ, D ಬೆರಳು E ಒತ್ತಿ D‌ಗೆ. ಮರಳದಿದ್ದರೆ ಮುಂದಿನ ಅಕ್ಷರಗಳೆಲ್ಲ ಒಂದೊಂದು ಕೀ ಪಕ್ಕಕ್ಕೆ ಜಾರುತ್ತವೆ. the ಬದಲು rgw ಬಂದರೆ ಕೈಗಳೆರಡೂ ಎಡಕ್ಕೆ ಸರಿದಿವೆ ಅಂತ ಅರ್ಥ; ಮತ್ತೆ ಉಬ್ಬು ಹುಡುಕಿ.

ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ ಸಾಕು. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂತರೆ ಬೆರಳು ದಣಿದು ತಪ್ಪನ್ನೇ ಕಲಿಯುತ್ತೆ. ಮೊದಲ ವಾರ ನಡುಸಾಲು ಮಾತ್ರ: ask, sad, fall. ಆಮೇಲೆ ಎರಡು ವಾರ ಮೇಲಿನ ಸಾಲು, ಮತ್ತೆರಡು ವಾರ ಕೆಳಗಿನದು. ಅಂಕಿಗಳಿಗೆ ಈಗಲೇ ಕೈ ಹಾಕಬೇಡಿ. ನೂರು ಅಕ್ಷರಕ್ಕೆ ಐದಕ್ಕಿಂತ ಹೆಚ್ಚು ತಪ್ಪಾದರೆ ವೇಗ ಇಳಿಸಿ. ಕಣ್ಣು ಕೆಳಗೆ ಹೋಗ್ತಿದ್ರೆ ಕೈ ಮೇಲೆ ಟವೆಲ್ ಹೊದಿಸಿ.

ಅಲ್ಲಿವರೆಗೆ ಆಫೀಸಿನ ತುರ್ತು ಕೆಲಸ ಹಳೇ ರೀತಿಯಲ್ಲೇ ನಡೀಲಿ. ಅಕ್ಷರಗಳೆಲ್ಲ ಬಂದ ಮೇಲೆ ಚಿಕ್ಕ ಮೇಲ್‌ಗಳನ್ನು ಹೊಸ ರೀತಿಯಲ್ಲಿ ಬರೆಯಿರಿ. ಆಗ ವೇಗ ಹಳೆಯದಕ್ಕಿಂತ ಕಡಿಮೆಯೇ ಇರುತ್ತೆ, ಹಳೇ ಮಟ್ಟ ಮುಟ್ಟೋಕೆ ಇನ್ನೂ ಕೆಲವು ವಾರ ಬೇಕು.