ಮೂರು ತಿಂಗಳ ಗುಳಿಗೆ ಒಮ್ಮೆಲೇ ತರಿಸುವ ಮೊದಲು

ಪ್ರಶ್ನೆ: "ಸೇಡಂನವ ಇದ್ದೀನಿ. ಅವ್ವಗ ಶುಗರ್, ಬಿಪಿ ಎರಡೂ ಅವ. ತಿಂಗಳಾ ಗುಳಿಗೆಗೇ ಭಾಳ ರೊಕ್ಕ ಹೋಗ್ತದ. ಆನ್‌ಲೈನ್‌ನಾಗ ಮೂರು ತಿಂಗಳದ್ದು ಒಮ್ಮೆ ತರಿಸಿದ್ರ ಅಗ್ಗ ಆಗ್ತದೇನು? ಆಯುಷ್ಮಾನ್ ಕಾರ್ಡ್ ಅದ, ಅದರಾಗ ಗುಳಿಗೆ ಸಿಗ್ತಾವೇನು?"

ಡಿಸ್ಕೌಂಟ್ ಬೆನ್ನು ಹತ್ತಬ್ಯಾಡ್ರಿ. ಉಳಿತಾಯ ಇರೋದು ಬ್ರ್ಯಾಂಡ್ ಬಿಟ್ಟು ಅದೇ ಮದ್ದನ್ನ ಜೆನೆರಿಕ್ ಹೆಸರಿನಲ್ಲಿ ಕೊಳ್ಳೋದರಲ್ಲಿ, ಒಮ್ಮೆಲೇ ರಾಶಿ ತರೋದರಲ್ಲಿ ಅಲ್ಲ. ಕಾರ್ಡಂತೂ ದವಾಖಾನೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಅದರಲ್ಲಿ ಸೇರ್ತದ, ಪ್ರತಿ ತಿಂಗಳಿನ ಗುಳಿಗೆ ಸೇರೋದಿಲ್ಲ.

ನಮ್ಮ ಅವ್ವನ ಚೀಟಿಯೂ ಇಂಥದ್ದೇ. ಸಕ್ಕರೆಗೆ ಗ್ಲಿಮೆಪಿರೈಡ್ 1 ಮಿ.ಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಎಸ್‌ಆರ್ ಕೂಡಿರೋ ಒಂದೇ ಗುಳಿಗೆ, ದಿನಕ್ಕೆ ಎರಡು ಸಲ. ಬಿಪಿಗೆ ಮುಂಜಾನೆ ಟೆಲ್ಮಿಸಾರ್ಟಾನ್ 40 ಮತ್ತು ಅಮ್ಲೋಡಿಪಿನ್ 5 ಕೂಡಿದ್ದು. ಕೊಲೆಸ್ಟ್ರಾಲ್‌ಗೆ ರಾತ್ರಿ ಅಟೋರ್ವಾಸ್ಟಾಟಿನ್ 10. ಈ ಮೂರೂ ಜನೌಷಧಿ ಕೇಂದ್ರದ ಪಟ್ಟಿಯಲ್ಲಿ ಅವ. ಮೊಬೈಲ್‌ನಲ್ಲಿ Janaushadhi Sugam ಹಾಕಿಕೊಂಡು ಔಷಧದ ಹೆಸರು ಹೊಡೆದರೆ ದರವೂ ಹತ್ತಿರದ ಕೇಂದ್ರವೂ ಕಾಣ್ತಾವ. ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್ಪಿನ ಮೇಲೆ ಇರೋ ಮದ್ದಿನ ಹೆಸರು ಹೊಡೀರಿ.

ಆದರೆ ಮೊದಲು ಡಾಕ್ಟರ ಕಡೆ ಹೋಗಿ ಅದೇ ಹೆಸರುಗಳಲ್ಲಿ ಚೀಟಿ ಬರೆಸಿಕೊಳ್ಳಿರಿ. ಚೀಟಿಯಲ್ಲಿ ಬ್ರ್ಯಾಂಡ್ ಇದ್ದರೆ, ಅದೇ ಮದ್ದು ಬೇರೆ ಹೆಸರಿನಲ್ಲಿದ್ದರೂ ಅಂಗಡಿಯವರು ತಾವಾಗಿ ಬದಲಿಸಿ ಕೊಡೋ ಹಾಗಿಲ್ಲ, ಅದು ಕಾಯ್ದೆ. ಹಾಗೇ ಒಂದು ಚೀಟಿಗೆ ಒಂದೇ ಸಲ ಔಷಧಿ. "ತಿಂಗಳಿಗೊಮ್ಮೆಯಂತೆ ಮೂರು ಸಲ ಕೊಡಬಹುದು" ಅಂತ ಡಾಕ್ಟರ್ ಬರೆದರೆ ಪ್ರತಿ ಸಲ ಅವರ ಫೀಸು ಕೊಡೋದು ತಪ್ತದ. ಸಾದಾ ಮೆಡಿಕಲ್‌ನಾಗ "ಜೆನೆರಿಕ್ ಕೊಡ್ರಿ" ಅಂದರೆ ಸಾಲದು. ಅಲ್ಲಿ ಕೆಲವು ಜೆನೆರಿಕ್‌ಗಳ ಎಂಆರ್‌ಪಿ ಬ್ರ್ಯಾಂಡಿನಷ್ಟೇ ಇರ್ತದ, ಕಡಿಮೆ ಕೊಂಡ ಲಾಭ ಅಂಗಡಿಯವರಿಗೇ ಉಳೀತದ. ಸ್ಟ್ರಿಪ್ ದರ ನೋಡಬ್ಯಾಡ್ರಿ, ಒಂದು ಗುಳಿಗೆಗೆ ಎಷ್ಟು ಅಂತ ಭಾಗಿಸಿ ನೋಡ್ರಿ, ಯಾಕಂದ್ರ ಒಂದರಲ್ಲಿ 10, ಇನ್ನೊಂದರಲ್ಲಿ 15 ಇರ್ತಾವ.

ಇನ್ನೂ ಕಡಿಮೆ ಬೇಕಾದರೆ ಸೇಡಂ ತಾಲೂಕು ಆಸ್ಪತ್ರೆಯ ಎನ್‌ಸಿಡಿ ವಿಭಾಗಕ್ಕೆ ಅವ್ವನ್ನ ಕರ್ಕೊಂಡು ಹೋಗ್ರಿ, ಹಳೇ ಚೀಟಿ, ಆಧಾರ್ ಜೊತೆಗಿರಲಿ. ಶುಗರ್, ಬಿಪಿ ಗುಳಿಗೆ ಅಲ್ಲಿ ಪುಕ್ಕಟೆ. ಸ್ಟಾಕ್ ಇಲ್ಲದಿದ್ದದ್ದನ್ನ ಮಾತ್ರ ಜನೌಷಧಿಯಲ್ಲಿ ಕೊಂಡರಾಯ್ತು.

ನಮಗೆ ಪೆಟ್ಟು ಬಿದ್ದದ್ದು ಇಲ್ಲೇ. ಸರಕಾರಿ ದವಾಖಾನೆಯಲ್ಲಿ ಕೂಡು ಗುಳಿಗೆ ಬದಲು ಗ್ಲಿಮೆಪಿರೈಡ್ ಬೇರೆ, ಮೆಟ್‌ಫಾರ್ಮಿನ್ ಬೇರೆ ಕೊಟ್ಟರು. ಮನೆಯಲ್ಲಿ ಹಳೇ ಬ್ರ್ಯಾಂಡ್ ಸ್ಟ್ರಿಪ್ ಉಳಿದಿತ್ತು. ಹೆಸರು ಬೇರೆ, ಬಣ್ಣ ಬೇರೆ, ಅವ್ವ ಇವು ಹೊಸಾವು ಅಂತ ತಿಳಿದು ಎರಡನ್ನೂ ನುಂಗಿದಳು. ದಿನಕ್ಕೆ 2 ಮಿ.ಗ್ರಾಂ ಹೋಗಬೇಕಾದ ಗ್ಲಿಮೆಪಿರೈಡ್ 4 ಆಯ್ತು. ಬೆವರು, ಕೈ ನಡುಕ, ತಡೆಯಲಾರದ ಹಸಿವು, ಮಾತು ತಡವರಿಸೋದು, ಇವು ಸಕ್ಕರೆ ಇಳಿದ ಗುರುತು. ಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಸಕ್ಕರೆ ಏರಿತು ಅಂತ ಮಲಗಿಸಿ ಬಿಡಲೂಬಾರದು. ಗ್ಲಿಮೆಪಿರೈಡ್ ಇಡೀ ದಿನ ಕೆಲಸ ಮಾಡ್ತದ, ತಾಸೆರಡು ತಾಸಿನಾಗ ಮತ್ತೆ ಇಳೀತದ, ಅದಕ್ಕೇ ದವಾಖಾನೆಯಲ್ಲಿ ಇಟ್ಟುಕೊಂಡು ಗ್ಲೂಕೋಸ್ ಹಚ್ಚಬೇಕಾಯ್ತು. ಉಳಿಸಿದ್ದು ಅಲ್ಲೇ ಹೋಯ್ತು.

ಅದಕ್ಕೆ ಹೊಸ ಗುಳಿಗೆ ಮನೆಗೆ ಬಂದ ದಿನವೇ ಹಳೇ ಸ್ಟ್ರಿಪ್‌ಗಳನ್ನ ಕಟ್ಟಿ ಅವ್ವನ ಕೈಗೆ ಸಿಗದ ಕಡೆ ಇಡ್ರಿ. ಒಂದು ಹಾಳೆ ಮೇಲೆ ಮುಂಜಾನೆ, ರಾತ್ರಿ ಅಂತ ಎರಡು ಸಾಲು ಬರೆದು ಪ್ರತಿ ಸಾಲಿಗೆ ಖಾಲಿ ಸ್ಟ್ರಿಪ್ಪಿನ ತುಂಡು ಅಂಟಿಸಿರಿ, ಓದಲು ಬಾರದವರಿಗೂ ತಿಳೀತದ. ಎಸ್‌ಆರ್ ಅಂದರೆ ನಿಧಾನಕ್ಕೆ ಕರಗೋದು. ಅದನ್ನ ಮುರಿದು, ಪುಡಿ ಮಾಡಿ ಕೊಡಬಾರದು. ಅದರ ಬದಲು ಸಾದಾ ಮೆಟ್‌ಫಾರ್ಮಿನ್ ಸಿಕ್ಕರೆ ಊಟದ ಜೊತೆ ಹೇಗೆ ತಗೋಬೇಕು ಅಂತ ಅಲ್ಲೇ ಕೇಳ್ರಿ.

ಇನ್ನು ಮೂರು ತಿಂಗಳದ್ದು. ಹೆಸರು ಬದಲಾದ ಮೊದಲ ತಿಂಗಳು ಒಂದೇ ತಿಂಗಳದ್ದು ತರ್ರಿ, ನಮ್ಮ ಅವ್ವನ ಚೀಟಿ ಲೆಕ್ಕಕ್ಕೆ: ಶುಗರ್‌ನದು 60, ಬಿಪಿ 30, ಕೊಲೆಸ್ಟ್ರಾಲ್ 30. ಆ ತಿಂಗಳು ವಾರಕ್ಕೊಮ್ಮೆ ಉಪವಾಸದ ಸಕ್ಕರೆ, ಬಿಪಿ ಬರೆದಿಡ್ರಿ. ಮೊದಲಿನಂತೇ ಇದ್ದರೆ ಬಿಪಿ, ಕೊಲೆಸ್ಟ್ರಾಲ್ ಗುಳಿಗೆ ಮೂರು ತಿಂಗಳದ್ದು ತರಬಹುದು. ಶುಗರ್‌ನದು ತರಬ್ಯಾಡ್ರಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ ನೋಡಿ ಡೋಸ್ ಬದಲಾಗಬಹುದು, ಉಳಿದದ್ದು ದಂಡ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಪತ್ರಾಸಿನ ಮನೆಯಲ್ಲಿ ಗುಳಿಗೆ ರಾಶಿ ಇಡೋದೂ ಸರಿಯಲ್ಲ. ಸ್ಟ್ರಿಪ್ ಮೇಲೆ 25 ಇಲ್ಲಾ 30 ಡಿಗ್ರಿ ಒಳಗೆ ಇಡ್ರಿ ಅಂತ ಬರೆದಿರ್ತದ.