ಮಾತ್ರೆ ನಿಲ್ಲಿಸಿದ ಮೇಲೂ ಔಷಧ ಮೈಯಲ್ಲಿ ಉಳಿಯುವುದೇಕೆ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ, ಬ್ರಹ್ಮಾವರದ ಮನೆಯಲ್ಲಿದ್ದಾರೆ. ಸೊಂಟ ಹಿಡಿದುಕೊಂಡದ್ದಕ್ಕೆ ಹತ್ತು ರಾತ್ರಿ 5 ಮಿಲಿಗ್ರಾಂ ಡಯಾಜೆಪಾಮ್ ಕೊಟ್ಟಿದ್ದರು. ನಿಲ್ಲಿಸಿ ನಾಲ್ಕು ದಿನವಾಯಿತು. ಆದರೂ ಹಗಲು ಮಂಪರು, ನಡೆಯುವಾಗ ತೂರಾಡುತ್ತಾರೆ. ಮೊದಲ ಮಾತ್ರೆ ತೆಗೆದುಕೊಂಡ ಮರುದಿನ ಬೆಳಿಗ್ಗೆ ಚೆನ್ನಾಗಿಯೇ ಎದ್ದಿದ್ದರು. ಅಂದೇ ಇಳಿದುಹೋದ ಔಷಧ ಈಗೆಲ್ಲಿಂದ ಬಂತು?

ಉತ್ತರ: ಅಂದು ಬೆಳಿಗ್ಗೆ ಔಷಧ ಇಳಿದದ್ದು ಮಿದುಳಿನಿಂದ, ಮೈಯಿಂದ ಅಲ್ಲ. ನಾನು ಮಂಗಳೂರಿನಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದರೆ ನಿಮ್ಮ ತಾಯಿಯ ಸ್ಥಿತಿ ಅರ್ಥವಾಗುತ್ತದೆ.

ಡಯಾಜೆಪಾಮ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ವಸ್ತು. ನುಂಗಿದ ಒಂದು, ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಮಿದುಳಿಗೆ ರಕ್ತದ ಹರಿವು ಹೆಚ್ಚು, ಜೊತೆಗೆ ಅಲ್ಲಿ ಕೊಬ್ಬಿನ ಅಂಶವೂ ಇದೆ. ಹೀಗಾಗಿ ಔಷಧ ಮೊದಲು ಅಲ್ಲಿಗೆ ನುಗ್ಗುತ್ತದೆ, ನಿದ್ದೆ ಬರುತ್ತದೆ, ಸ್ನಾಯು ಸಡಿಲವಾಗುತ್ತದೆ. ಆಮೇಲಿನ ಕೆಲವು ಗಂಟೆಗಳಲ್ಲಿ ಅದು ಮಿದುಳಿನಿಂದ ರಕ್ತಕ್ಕೆ ಮರಳಿ, ಅಲ್ಲಿಂದ ಸ್ನಾಯುಗಳಿಗೂ ಮೈಯ ಕೊಬ್ಬಿಗೂ ಹಂಚಿಹೋಗುತ್ತದೆ. ಮಿದುಳಿನಲ್ಲಿ ಅದರ ಮಟ್ಟ ಒಂದು ಮಿತಿಗಿಂತ ಕೆಳಗಿಳಿದ ಕೂಡಲೇ ಎಚ್ಚರವಾಗುತ್ತದೆ. ಅಷ್ಟರಲ್ಲಿ ದೇಹದಿಂದ ಹೊರಹೋದದ್ದು ಬಹಳ ಕಡಿಮೆ.

ಹೊರಹಾಕುವ ಕೆಲಸ ಯಕೃತ್ತಿನದು. ಆದರೆ ರಕ್ತದಲ್ಲಿ ತನ್ನ ಬಳಿಗೆ ಬಂದದ್ದನ್ನು ಮಾತ್ರ ಅದು ಒಡೆಯಬಲ್ಲದು, ಕೊಬ್ಬಿನೊಳಗೆ ಕುಳಿತದ್ದನ್ನು ಮುಟ್ಟಲಾರದು. ನಮ್ಮ ಕರಾವಳಿಯ ಮುರಕಲ್ಲಿನ ಗೋಡೆಯನ್ನು ನೆನಪಿಸಿಕೊಳ್ಳಿ: ಮಳೆ ಬಿಟ್ಟು ಒಂದು ಒಳ್ಳೆಯ ಬಿಸಿಲು ಬಂದರೆ ಅಂಗಳ ಒಣಗುತ್ತದೆ, ಗೋಡೆ ಮಾತ್ರ ಒಳಗಿನ ತೇವವನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತದೆ. ಕೊಬ್ಬಿನಿಂದ ರಕ್ತಕ್ಕೆ ಔಷಧ ಮರಳುವುದೂ ಹಾಗೆಯೇ.

ಮೈಯಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯವೇ ಅರ್ಧಾಯು. ಡಯಾಜೆಪಾಮಿಗೆ ಇದು ಸಾಮಾನ್ಯವಾಗಿ 20ರಿಂದ 50 ಗಂಟೆ. ಲೆಕ್ಕ ಸುಲಭವಾಗಲೆಂದು 48 ಗಂಟೆ, ಅಂದರೆ ಎರಡು ದಿನ ಎಂದಿಟ್ಟುಕೊಳ್ಳೋಣ. 5 ಮಿಲಿಗ್ರಾಂನ ಒಂದೇ ಮಾತ್ರೆ ನುಂಗಿದರೆ ಎರಡು ದಿನಕ್ಕೆ 2.5, ನಾಲ್ಕು ದಿನಕ್ಕೆ 1.25, ಹತ್ತು ದಿನಕ್ಕೆ ಸುಮಾರು 0.16 ಮಿಲಿಗ್ರಾಂ ಉಳಿಯುತ್ತದೆ. ಐದು ಅರ್ಧಾಯು ಕಳೆದರೆ ಶೇ 97ರಷ್ಟು ಹೋಯಿತು ಎಂದು ನಾವು ಹೇಳುವುದು ಇದನ್ನೇ.

ನಿಮ್ಮ ತಾಯಿ ನುಂಗಿದ್ದು ಒಂದು ಮಾತ್ರೆಯಲ್ಲ. ಮೊದಲ ರಾತ್ರಿಯ 5 ಮಿಲಿಗ್ರಾಂ ಮರುದಿನ ರಾತ್ರಿಗೆ 3.5ಕ್ಕೆ ಇಳಿದಿತ್ತು. ಅದರ ಮೇಲೆ ಹೊಸ ಮಾತ್ರೆ ಬಿದ್ದು 8.5 ಆಯಿತು, ಮೂರನೆಯ ರಾತ್ರಿ 11. ಹೀಗೆ ಏರುತ್ತಾ ಹತ್ತನೆಯ ಮಾತ್ರೆ ನುಂಗಿದಾಗ ಮೈಯಲ್ಲಿದ್ದದ್ದು ಸುಮಾರು 16.5 ಮಿಲಿಗ್ರಾಂ, ಮೂರು ಮಾತ್ರೆಗಿಂತ ಹೆಚ್ಚು. ಅಲ್ಲಿಂದ ನಾಲ್ಕು ದಿನ ಎಂದರೆ ಎರಡು ಅರ್ಧಾಯು. ಇಂದು ಕಾಲು ಭಾಗ, ಅಂದರೆ 4 ಮಿಲಿಗ್ರಾಂ ಉಳಿದಿರಬೇಕು. ಹೆಚ್ಚುಕಡಿಮೆ ಒಂದು ಮಾತ್ರೆಯಷ್ಟು!

ಇದೂ ವಯಸ್ಸನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದ ಮಾತು. 1975ರಲ್ಲಿ ಉಲ್ರಿಚ್ ಕ್ಲಾಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಡಯಾಜೆಪಾಮಿನ ಅರ್ಧಾಯು ಇಪ್ಪತ್ತರ ಹರೆಯದಲ್ಲಿ ಸುಮಾರು 20 ಗಂಟೆಯಿದ್ದದ್ದು ಎಂಬತ್ತರ ವಯಸ್ಸಿಗೆ ಸುಮಾರು 90 ಗಂಟೆಗೆ ಏರುವುದು ಕಂಡಿತು. ವಯಸ್ಸಾದವರ ಯಕೃತ್ತು ಸೋತಿತು ಎಂದು ತಕ್ಷಣ ಅನಿಸುತ್ತದೆ. ಆದರೆ ಆ ಏರಿಕೆಗೆ ಮುಖ್ಯ ಕಾರಣ ಅದಾಗಿರಲಿಲ್ಲ. ವಯಸ್ಸಾದಂತೆ ಸ್ನಾಯು ಕರಗಿ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ, ಔಷಧ ಅಡಗಿ ಕೂರುವ ಜಾಗ ಹಿಗ್ಗುತ್ತದೆ, ಯಕೃತ್ತಿನ ಬಳಿಗೆ ಅದು ಬರುವುದು ನಿಧಾನವಾಗುತ್ತದೆ. ಅರ್ಧಾಯು ಎಂಬ ಒಂದೇ ಅಂಕಿಯಲ್ಲಿ ಯಕೃತ್ತಿನ ವೇಗವೂ ಔಷಧ ಹರಡಿಕೊಂಡ ಹರವೂ ಎರಡೂ ಸೇರಿವೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒತ್ತಿ ಹೇಳುತ್ತೇನೆ.

ನಿಮ್ಮ ತಾಯಿಗೆ 72 ಗಂಟೆ ಎಂದು ಹಿಡಿದು ಅದೇ ಲೆಕ್ಕ ಮಾಡಿದರೆ ಹತ್ತನೆಯ ರಾತ್ರಿ ಸುಮಾರು 22 ಮಿಲಿಗ್ರಾಂ, ಇಂದು ಇನ್ನೂ 8.7 ಮಿಲಿಗ್ರಾಂ ಎಂದಾಗುತ್ತದೆ. ಹೊಸ ಮಾತ್ರೆ ನುಂಗಿದಾಗಿನಂತೆ ಇದು ಮಿದುಳಿಗೆ ಒಮ್ಮೆಲೇ ನುಗ್ಗುವುದಿಲ್ಲ ಎಂಬುದು ನಿಜ. ಆದರೆ ಮೊದಲ ರಾತ್ರಿ ಖಾಲಿಯಿದ್ದ ಕೊಬ್ಬು, ಸ್ನಾಯುಗಳಲ್ಲಿ ಈಗ ಔಷಧ ತುಂಬಿದೆ, ಮಿದುಳಿನಿಂದ ಅತ್ತ ಜಾರಿಕೊಳ್ಳಲು ಮೊದಲಿನಂತೆ ದಾರಿಯಿಲ್ಲ. ಹಾಗಾಗಿ ತಗ್ಗಿನ ಮಟ್ಟದಲ್ಲಿ ಅದು ಹಗಲು ರಾತ್ರಿ ಅಲ್ಲೇ ಇರುತ್ತದೆ. ವಯಸ್ಸಾದ ಮಿದುಳು ಇಂಥ ಔಷಧಕ್ಕೆ ಬೇಗ ಮಣಿಯುತ್ತದೆ ಕೂಡ. ಗಾಢ ನಿದ್ದೆ ಬರಿಸುವಷ್ಟು ಇಲ್ಲದಿದ್ದರೂ ಸಮತೋಲನ ಕೆಡಿಸಲು, ನೆನಪು ಮಸುಕಾಗಿಸಲು ಅಷ್ಟು ಸಾಕು.

ಇನ್ನೊಂದು ಸಂಗತಿ ಇದೆ. ಯಕೃತ್ತು ಡಯಾಜೆಪಾಮನ್ನು ಒಡೆದಾಗ ಹುಟ್ಟುವ ಡೆಸ್‌ಮಿಥೈಲ್‌ಡಯಾಜೆಪಾಮ್ ಕೂಡ ಮಂಪರು ತರುವ ವಸ್ತುವೇ. ಅದರ ಅರ್ಧಾಯು ಇನ್ನೂ ದೀರ್ಘ, 100 ಗಂಟೆಯವರೆಗೂ ಹೋಗಬಹುದು. ಮೂಲ ಔಷಧ ಕರಗುತ್ತಿದ್ದರೂ ಅದರ ಮರಿ ಕೆಲಸ ಮುಂದುವರಿಸುತ್ತದೆ.

ತಾಯಿ ಬೆಳಿಗ್ಗೆ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ನೋಡಿ. ಅದು ಒಮೆಪ್ರಜೋಲ್ ಆಗಿದ್ದರೆ ಡಯಾಜೆಪಾಮನ್ನು ಒಡೆಯುವ ಕಿಣ್ವಗಳಲ್ಲಿ ಒಂದನ್ನು ತಡೆದು ಅದರ ಅರ್ಧಾಯುವನ್ನು ಇನ್ನಷ್ಟು ಹಿಗ್ಗಿಸುತ್ತದೆ. ವೈದ್ಯರಿಗೆ ಇದನ್ನು ತಪ್ಪದೆ ತಿಳಿಸಿ. ವಿಶೇಷವೆಂದರೆ ಈ ಒಮೆಪ್ರಜೋಲಿನ ಕಥೆ ಡಯಾಜೆಪಾಮಿನದ್ದಕ್ಕೆ ಪೂರ್ತಿ ತಿರುಗುಮುರುಗು. ಅದರ ಅರ್ಧಾಯು ಒಂದು ಗಂಟೆಯ ಆಸುಪಾಸು, ಆದರೆ ಹೊಟ್ಟೆಯ ಆಮ್ಲ ಇಡೀ ದಿನ ತಗ್ಗಿರುತ್ತದೆ, ಏಕೆಂದರೆ ಆಮ್ಲ ಸ್ರವಿಸುವ ಪಂಪಿಗೆ ಅದು ಬಿಡದೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಮತ್ತೆ ಆಮ್ಲ ಬರಬೇಕಾದರೆ ಹೊಸ ಪಂಪು ತಯಾರಾಗಬೇಕು. ಪರಿಣಾಮದ ಅವಧಿಯಿಂದ ಅರ್ಧಾಯುವನ್ನಾಗಲಿ, ಅರ್ಧಾಯುವಿನಿಂದ ಪರಿಣಾಮವನ್ನಾಗಲಿ ಊಹಿಸಲಾಗದು.

ಇಂಥ ಲೆಕ್ಕವನ್ನು ವಯಸ್ಸಾದವರಿಗೆ ಮಾತ್ರೆ ಬರೆಯುವಾಗಲೇ ಮನೆಯವರಿಗೆ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾತ್ರೆ ನಿಂತಿತೆಂದು ನಿರಾಳವಾಗಿರುವ ಈ ದಿನಗಳಲ್ಲೇ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುವವರಿದ್ದಾರೆ. ಮುಂದಿನ ಎರಡು ವಾರ ರಾತ್ರಿ ಎದ್ದಾಗ ಯಾರಾದರೂ ಜೊತೆಗಿರಿ. ಮಳೆಗಾಲವಾದರೆ ಒದ್ದೆ ಅಂಗಳಕ್ಕೆ ಒಬ್ಬರೇ ಇಳಿಯದಿರಲಿ. ಶೀತ, ಕೆಮ್ಮಿನ ಸಿರಪ್, ಅಲರ್ಜಿಯ ಮಾತ್ರೆ, ಟ್ರಮಡಾಲ್‌ನಂತಹ ನೋವಿನ ಮಾತ್ರೆ ಇವ್ಯಾವುದನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ, ಉಳಿದ ಔಷಧದ ಜೊತೆ ಸೇರಿ ಮಂಪರು ಹೆಚ್ಚಿಸುತ್ತವೆ.

ಕಾರಣ ಔಷಧವೇ ಆಗಿದ್ದರೆ ತೂರಾಟ ನಿಧಾನವಾಗಿಯಾದರೂ ಇಳಿಯುತ್ತಲೇ ಹೋಗಬೇಕು, ಏಕೆಂದರೆ ಮೈಯಲ್ಲಿರುವ ಪ್ರಮಾಣ ಈಗ ಇಳಿಯುವುದೊಂದೇ ಬಾಕಿ. ಇಳಿಯುವ ಬದಲು ಏರಿದರೆ, ಮಾತು ತೊದಲಿದರೆ, ಗೊಂದಲ ಹೆಚ್ಚಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು: ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕಿರಬಹುದು, ಎಲ್ಲೋ ಬಿದ್ದು ತಲೆಗೆ ಪೆಟ್ಟಾಗಿರಬಹುದು. ಹಾಗಾದರೆ, ಅಥವಾ ಎಬ್ಬಿಸಿದರೂ ಏಳದೆ ಉಸಿರು ನಿಧಾನವಾದರೆ, ಅದೇ ದಿನ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಜೊತೆಗೆ ಒಯ್ಯಿರಿ.