3 ಕಿಲೋವ್ಯಾಟ್ ಮನೆ ಸೋಲಾರ್: 25 ವರ್ಷದ ಉಳಿತಾಯ ಇಂದಿನ ಹಣದಲ್ಲಿ ಎಷ್ಟಾಗುತ್ತದೆ?

ಪ್ರಶ್ನೆ: ತುಮಕೂರಿನಲ್ಲಿ ಸ್ವಂತ ಮನೆ, ಬೆಸ್ಕಾಂ ಸಂಪರ್ಕ, ತಿಂಗಳಿಗೆ ಸುಮಾರು 400 ಯೂನಿಟ್ ಬಳಕೆ. 3 ಕಿಲೋವ್ಯಾಟ್ ಸೋಲಾರ್‌ಗೆ ₹1,95,000 ಕೊಟೇಷನ್ ಬಂದಿದೆ. 25 ವರ್ಷದಲ್ಲಿ 13 ಲಕ್ಷ ಉಳಿಯುತ್ತೆ ಅಂತಾರೆ. ಆದರೆ ಪ್ಯಾನೆಲ್ ವರ್ಷ ವರ್ಷ ಕಮ್ಮಿ ಕೊಡುತ್ತಂತೆ, ಆ ದುಡ್ಡು ಎಫ್‌ಡಿಗೆ ಹಾಕಿದರೂ ಬೆಳೆಯುತ್ತೆ. ಎಲ್ಲ ಹಿಡಿದು ನಿಜವಾದ ಲಾಭ ಎಷ್ಟು?

ಉತ್ತರ: ಸಬ್ಸಿಡಿ ಸಿಕ್ಕರೆ, ಶೇ. 8ರ ಬಡ್ಡಿ ಹಿಡಿದು, ಪ್ಯಾನೆಲ್ ಇಳಿಕೆ, ನಿರ್ವಹಣೆ, ಒಂದು ಸಲ ಇನ್ವರ್ಟರ್ ಬದಲಾವಣೆ ಎಲ್ಲ ಕಳೆದ ಮೇಲೆ ಇಂದಿನ ಹಣದಲ್ಲಿ ನಿವ್ವಳ ಲಾಭ ಸುಮಾರು ₹1.33 ಲಕ್ಷ. ಹಾಕಿಸಬಹುದು. ಆದರೆ 13 ಲಕ್ಷದ ಮಾತನ್ನು ಬಿಟ್ಟುಬಿಡಿ.

ಆ 13 ಲಕ್ಷ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡೋಣ. 2025-26ರ ಗೃಹ ಬಳಕೆಯ ದರ ಯೂನಿಟ್‌ಗೆ ₹5.80. ಅದರ ಮೇಲೆ ಶೇ. 9 ವಿದ್ಯುತ್ ತೆರಿಗೆ, ಜೊತೆಗೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ ಸೇರಿದರೆ ಸುಮಾರು ₹6.70 ಆಗುತ್ತದೆ. ನೆರಳಿಲ್ಲದ ತಾರಸಿಯಲ್ಲಿ ನಮ್ಮ ಕಡೆ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ಅಂದರೆ 3 ಕಿಲೋವ್ಯಾಟ್‌ಗೆ 4,200. ಮೊದಲ ವರ್ಷದ ಉಳಿತಾಯ ₹28,140. ಇದನ್ನು ಪ್ರತಿ ವರ್ಷ ಶೇ. 5ರಂತೆ ಏರಿಸುತ್ತಾ 25 ವರ್ಷ ಕೂಡಿದರೆ ₹13.4 ಲಕ್ಷ ಬರುತ್ತದೆ. ಅವರ ಲೆಕ್ಕ ಹೆಚ್ಚುಕಮ್ಮಿ ಇದೇ. ಅದರಲ್ಲಿ ಪ್ಯಾನೆಲ್ ಇಳಿಕೆಯೂ ಇಲ್ಲ, ಖರ್ಚೂ ಇಲ್ಲ. 25ನೇ ವರ್ಷದ ಒಂದು ರೂಪಾಯಿಯನ್ನು ಇವತ್ತಿನ ಒಂದು ರೂಪಾಯಿ ಎಂದೇ ಹಿಡಿದಿದ್ದಾರೆ. ಶೇ. 8ರ ಬಡ್ಡಿಯಲ್ಲಿ ಆ ರೂಪಾಯಿಯ ಇಂದಿನ ಬೆಲೆ 15 ಪೈಸೆಗೂ ಕಡಿಮೆ, ಇವತ್ತು ಅಷ್ಟನ್ನು ಬಡ್ಡಿಗೆ ಬಿಟ್ಟರೆ ಆಗ ಅದೇ ಒಂದು ರೂಪಾಯಿ ಆಗುತ್ತದೆ.

ಇನ್ನು ಶೇ. 5ರ ಏರಿಕೆ. 2023-24ರಲ್ಲಿ ತಿಂಗಳಿಗೆ 100 ಯೂನಿಟ್ ದಾಟಿದ ಮನೆಗಳಿಗೆ ದರ ₹7 ಇತ್ತು. 2024ರ ಏಪ್ರಿಲ್‌ನಲ್ಲಿ ಅದು ₹5.90 ಆಯಿತು, ಮರುವರ್ಷ ₹5.80. ನಿಮ್ಮಂತಹ ಮನೆಗೆ ಯೂನಿಟ್ ದರ ಇಳಿದದ್ದೇ ನಿಜ. ಏರಿದ್ದು ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ. ಸೋಲಾರ್ ಹಾಕಿಸಿದರೂ ಆ ಶುಲ್ಕ ತಪ್ಪುವುದಿಲ್ಲ. ಆದ್ದರಿಂದ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ತೆಗೆಯಬೇಡಿ. ಯೂನಿಟ್ ಕಡಿಮೆಯಾದಾಗ ನಿಜವಾಗಿ ಕಡಿಮೆಯಾಗುವ ಸಾಲುಗಳನ್ನಷ್ಟೇ ಕೂಡಿ. ಮೂಲ ಲೆಕ್ಕದಲ್ಲಿ ನಾನು ದರ ಏರಿಕೆಯನ್ನು ಸೊನ್ನೆ ಎಂದೇ ಹಿಡಿಯುತ್ತೇನೆ. ಏರಿದರೆ ಅದು ಹೆಚ್ಚಿನ ಲಾಭ.

ಈಗ ಲೆಕ್ಕಕ್ಕೆ ಬರೋಣ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000 ಬರುತ್ತದೆ. ನಿಮ್ಮ ಕೈಯಿಂದ ಹೋಗುವುದು ₹1,17,000. ಸಬ್ಸಿಡಿ ಹಣ ನಿಮ್ಮ ಖಾತೆಗೆ ಬರುವುದು ಎಲ್ಲ ಅಳವಡಿಸಿ, ಮೀಟರ್ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಮೊತ್ತ ನಿಮ್ಮದೇ. ಪ್ಯಾನೆಲ್ ಕೂಡ ದೇಶೀಯ ಸೆಲ್‌ನಿಂದ ಮಾಡಿದ್ದೇ ಆಗಿರಬೇಕು. ಕೊಟೇಷನ್‌ನಲ್ಲಿ ಈ ಮಾತು ಬರವಣಿಗೆಯಲ್ಲಿ ಇಲ್ಲದಿದ್ದರೆ ಮುಂಗಡ ಕೊಡಬೇಡಿ.

ಮಾಮೂಲಿ ಪ್ಯಾನೆಲ್‌ಗೆ ವರ್ಷಕ್ಕೆ ಶೇ. 0.7 ಇಳಿಕೆ ಹಿಡಿಯಿರಿ. ಮೊದಲ ವರ್ಷದಲ್ಲಿ ಸೆಲ್‌ಗೆ ಬೆಳಕು ಬಿದ್ದು ಆಗುವ ಶೇ. 2ರಷ್ಟು ಇಳಿಕೆ ಬೇರೆ ಇದೆ, ಅದನ್ನು 1,400ರ ಅಂಕಿಯಲ್ಲೇ ಸೇರಿಸಿದ್ದೇನೆ. ತೊಳೆಯುವುದು, ಚಿಕ್ಕಪುಟ್ಟ ರಿಪೇರಿಗೆ ವರ್ಷಕ್ಕೆ ₹2,000. 12ನೇ ವರ್ಷಕ್ಕೆ ಹೊಸ ಇನ್ವರ್ಟರ್‌ಗೆ ₹30,000. ಪ್ಯಾನೆಲ್ 25 ವರ್ಷ ಬಂದರೂ ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಆದರೂ ಬಹುತೇಕ ಕೊಟೇಷನ್‌ಗಳಲ್ಲಿ ಈ ಖರ್ಚು ಕಾಣುವುದಿಲ್ಲ.

ಎಕ್ಸೆಲ್‌ನಲ್ಲಿ ಹೀಗೆ ಹಾಕಿ. 2ನೇ ಸಾಲು ಅಂದರೆ 1ನೇ ವರ್ಷ. B ಉತ್ಪಾದನೆ, C ಉಳಿತಾಯ, D ಖರ್ಚು, E ನಿವ್ವಳ. ಸೂತ್ರಗಳನ್ನು 26ನೇ ಸಾಲಿನವರೆಗೆ ಎಳೆಯಿರಿ. D ಕಾಲಂನಲ್ಲಿ 12ನೇ ವರ್ಷದ ಸಾಲಿಗೆ ಮಾತ್ರ 32000.

```
B2: 4200
B3: =B2*(1-0.7%)
C2: =B2*6.70
D2: 2000
D13: 32000
E2: =C2-D2
G1: =NPV(8%,E2:E26)-117000
```

₹1,17,000ವನ್ನು ಆವರಣದ ಹೊರಗೆ ಕಳೆದಿರುವುದನ್ನು ಗಮನಿಸಿ. ಇಂದಿನ ಬೆಲೆ ತೆಗೆಯುವ ಈ NPV ಫಾರ್ಮುಲಾ ತನ್ನೊಳಗಿನ ಮೊದಲ ಅಂಕಿಯನ್ನೇ ಒಂದು ವರ್ಷ ಹಿಂದಕ್ಕೆ ಇಳಿಸುತ್ತದೆ. ಇವತ್ತು ಕೊಡುವ ದುಡ್ಡನ್ನು ಒಳಗೆ ಮೊದಲ ಅಂಕಿಯಾಗಿ ಹಾಕಿದರೆ ಅದೂ, ಅದರ ನಂತರದ ಎಲ್ಲ ವರ್ಷಗಳೂ ಇನ್ನೊಂದು ವರ್ಷದಷ್ಟು ಇಳಿದು, ಲಾಭ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಉತ್ತರ ಬರುವುದು ಹೀಗೆ: 25 ವರ್ಷದ ಬಿಲ್ ಉಳಿತಾಯದ ಇಂದಿನ ಬೆಲೆ ₹2.84 ಲಕ್ಷ. ನಿರ್ವಹಣೆಗೆ ₹21,000 ಚಿಲ್ಲರೆ, ಇನ್ವರ್ಟರ್‌ಗೆ ₹12,000, ನಿಮ್ಮ ಹೂಡಿಕೆ ₹1.17 ಲಕ್ಷ ಕಳೆದರೆ ಉಳಿಯುವುದು ₹1.33 ಲಕ್ಷ. ಬಡ್ಡಿ ಸಹಿತ ಹಾಕಿದ ದುಡ್ಡು ವಾಪಸ್ ಬರುವುದು ಆರನೇ ವರ್ಷದ ಕೊನೆಗೆ. ಸಬ್ಸಿಡಿ ಸಿಗದಿದ್ದರೆ ಲಾಭ ₹55,000ಕ್ಕೆ ಇಳಿಯುತ್ತದೆ, ದುಡ್ಡು ವಾಪಸ್ ಬರಲು 14 ವರ್ಷ ಬೇಕು.

ಎಫ್‌ಡಿ ಜೊತೆ ಹೋಲಿಸುವಾಗ ಒಂದು ವಿಷಯ ನೆನಪಿರಲಿ. ಎಫ್‌ಡಿ ಬಡ್ಡಿಗೆ ಆದಾಯ ತೆರಿಗೆ ಇದೆ, ಕಟ್ಟದೇ ಉಳಿದ ಕರೆಂಟ್ ಬಿಲ್ಲಿಗೆ ತೆರಿಗೆ ಇಲ್ಲ. ಶೇ. 7ರ ಎಫ್‌ಡಿ ಶೇ. 30ರ ತೆರಿಗೆ ಹಂತದವರಿಗೆ ಕೈಗೆ ಕೊಡುವುದು ಶೇ. 5ಕ್ಕೂ ಕಡಿಮೆ. ಹಾಗಾಗಿ ಶೇ. 8 ಬಿಗಿಯಾದ ಅಳತೆಯೇ. ಸಾಲ ಮಾಡಿ ಹಾಕಿಸುವುದಾದರೆ ಆ ಸಾಲದ ಬಡ್ಡಿಯನ್ನೇ ಹಾಕಿ: ಶೇ. 12 ಆದರೆ ಲಾಭ ಸುಮಾರು ₹70,000.

ನಿಮ್ಮ ಮುಖ್ಯ ಆತಂಕ ಪ್ಯಾನೆಲ್ ಇಳಿಕೆಯದು. ಅದನ್ನು ಪೂರ್ತಿ ತೆಗೆದು, 25 ವರ್ಷವೂ 4,200 ಯೂನಿಟ್ ಬರುತ್ತದೆ ಎಂದು ಹಾಕಿದರೆ ಉಳಿತಾಯದ ಇಂದಿನ ಬೆಲೆ ₹3 ಲಕ್ಷ ಆಗುತ್ತದೆ. ಅಂದರೆ ಇಳಿಕೆಯಿಂದ ನಿಮಗಾಗುವ ನಷ್ಟ ಸುಮಾರು ₹16,500, ಅಷ್ಟೇ. ಕೊನೆಯ ವರ್ಷ ಪ್ಯಾನೆಲ್ ಶೇ. 84ರಷ್ಟು ಮಾತ್ರ ಕೊಡುತ್ತದೆ ನಿಜ, ಆದರೆ ದೊಡ್ಡ ಇಳಿಕೆ ಬೀಳುವುದು ಹಣದ ಇಂದಿನ ಬೆಲೆ ತೀರಾ ಸಣ್ಣದಾದ ವರ್ಷಗಳಲ್ಲಿ. ವರ್ಷಕ್ಕೆ ಶೇ. 0.4 ಮಾತ್ರ ಇಳಿಯುವ ಪ್ಯಾನೆಲ್ ಎಂದು ಯಾರಾದರೂ ₹20,000 ಹೆಚ್ಚು ಕೇಳಿದರೆ, ಆ ಒಂದೇ ಕಾರಣಕ್ಕೆ ಕೊಡುವುದು ನಷ್ಟ.

ಹೆದರಬೇಕಾದದ್ದು ಮೊದಲ ದಿನದಿಂದಲೇ ಆಗುವ ನಷ್ಟಕ್ಕೆ. ಸಿಂಟೆಕ್ಸ್ ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ಮನೆಯ ಮೂರನೇ ಮಹಡಿ ಇವುಗಳ ನೆರಳಿನಿಂದ ಉತ್ಪಾದನೆ ಶೇ. 15 ಕಡಿಮೆಯಾದರೆ ಇಂದಿನ ಬೆಲೆಯಲ್ಲಿ ₹42,500 ಹೋಗುತ್ತದೆ, ಪ್ಯಾನೆಲ್ ಇಳಿಕೆಯ ಎರಡೂವರೆ ಪಟ್ಟು. ಪ್ಯಾನೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದರ ಮೂಲೆಗೆ ಬಿದ್ದ ನೆರಳು ಆ ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನೇ ಸುಮ್ಮನಾಗಿಸಬಹುದು. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಅತಿ ಉದ್ದ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ನೆರಳಿನ ಅಂಚು ಗುರುತು ಮಾಡಿ. ಆ ಗೆರೆಯೊಳಗೆ ಪ್ಯಾನೆಲ್ ಕೂರಿಸಲು ಬಿಡಬೇಡಿ. ಬೇಸಿಗೆಯಲ್ಲಿ ಸೈಟ್ ನೋಡಿ ಹೋದವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಸೋರಿಕೆ ಲೈನಿನಿಂದ ಬರುತ್ತದೆ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಸುರಕ್ಷತೆಗೆ ಅದು ಬೇಕೇ ಬೇಕು. ಹಗಲು 11ರಿಂದ 2ರ ನಡುವೆ ದಿನಾ ಒಂದು ಗಂಟೆ ಕರೆಂಟ್ ಹೋಗುವ ಕಡೆ ದಿನದ ಉತ್ಪಾದನೆಯಲ್ಲಿ ಶೇ. 10ಕ್ಕೂ ಹೆಚ್ಚು ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರದ ಮನೆಗಳಲ್ಲಿ ಮಧ್ಯಾಹ್ನ ವೋಲ್ಟೇಜ್ ಏರಿ ಇನ್ವರ್ಟರ್ ಕಳಚಿಕೊಳ್ಳುವುದೂ ಉಂಟು. ಇನ್ವರ್ಟರ್ ಆ್ಯಪ್‌ನ ಆ ದಿನದ ಗ್ರಾಫ್ ತೆರೆದು ನೋಡಿ: ಮೋಡ ಬಂದಿದ್ದರೆ ಗೆರೆ ಏರಿಳಿಯುತ್ತದೆ, ಇನ್ವರ್ಟರ್ ಕಳಚಿಕೊಂಡಿದ್ದರೆ ನೆಟ್ಟಗೆ ಸೊನ್ನೆಗೆ ಬಿದ್ದು ಕೆಲವು ನಿಮಿಷದ ನಂತರ ಮತ್ತೆ ಏಳುತ್ತದೆ. ಫಾಲ್ಟ್ ಪಟ್ಟಿಯಲ್ಲಿ ಗ್ರಿಡ್ ಓವರ್‌ವೋಲ್ಟೇಜ್ ಎಂದು ಬರೆದಿರುತ್ತದೆ. ಆ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬೆಸ್ಕಾಂ ಉಪವಿಭಾಗಕ್ಕೆ ದೂರು ಕೊಡಿ.

ಹಾಕಿಸಿದ ಮೇಲೆ ಉತ್ಪಾದನೆ ಒಂದೇ ವರ್ಷದಲ್ಲಿ ಶೇ. 6-7 ಇಳಿದರೆ ಅದು ಪ್ಯಾನೆಲ್ ಹಳೆಯದಾದದ್ದಲ್ಲ. ಶೇ. 0.7ರ ಇಳಿಕೆ ಒಂದು ವರ್ಷದಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಮಳೆಗಾಲದ ಹೆಚ್ಚುಕಮ್ಮಿಯೇ ಅದಕ್ಕಿಂತ ದೊಡ್ಡದು. ಫೆಬ್ರವರಿಯನ್ನು ಫೆಬ್ರವರಿಯ ಜೊತೆಗೇ ಹೋಲಿಸಿ, ಅದೂ ಪ್ಯಾನೆಲ್ ತೊಳೆದ ಮೇಲೆ. ಆಗಲೂ ಕಡಿಮೆ ಇದ್ದರೆ ಹೊಸ ನೆರಳು, ಸಡಿಲ ಕನೆಕ್ಟರ್ ಅಥವಾ ಕಳಚಿದ ಸಾಲು ಇರಬೇಕು.

ಕೊನೆಯದಾಗಿ ಬಳಕೆ. ತಿಂಗಳಿಗೆ 400 ಯೂನಿಟ್ ಸುಡುವ ಮನೆಯಲ್ಲಿ ಸೋಲಾರ್‌ನ ಸರಾಸರಿ 350 ಯೂನಿಟ್ ಬಹುತೇಕ ಪೂರ್ತಿ ₹6.70ರ ಬೆಲೆಗೆ ಸಲ್ಲುತ್ತದೆ. ಮಕ್ಕಳು ಬೇರೆ ಊರಿಗೆ ಹೋಗಿ ಬಳಕೆ 220ಕ್ಕೆ ಇಳಿದರೆ ಮಿಕ್ಕ 130 ಯೂನಿಟ್ ಬೆಸ್ಕಾಂಗೆ ಮಾರಾಟವಾಗುತ್ತದೆ. ಸಬ್ಸಿಡಿ ಪಡೆದ ಮನೆಗೆ ಅದರ ದರ ನೀವು ಕೊಳ್ಳುವ ದರದ ಅರ್ಧಕ್ಕಿಂತ ಕಡಿಮೆ. ಒಪ್ಪಂದ ಪತ್ರದಲ್ಲಿ ನಮೂದಾಗಿರುತ್ತದೆ. ₹2.50 ಎಂದು ಹಿಡಿದರೆ ಒಟ್ಟು ಲಾಭ ₹1.33 ಲಕ್ಷದಿಂದ ₹74,000ಕ್ಕೆ ಬರುತ್ತದೆ. ಅಷ್ಟೇ ಲಾಭ 2 ಕಿಲೋವ್ಯಾಟ್‌ನಿಂದ ಇನ್ನೂ ಕಡಿಮೆ ಬಂಡವಾಳಕ್ಕೆ ಸಿಗುತ್ತಿತ್ತು. ಇನ್ನು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ನೆರೆಯವರು ನಿಮ್ಮನ್ನು ನೋಡಿ ಹಾಕಿಸಲು ಹೊರಟರೆ ಈ ಲೆಕ್ಕ ಅವರಿಗೆ ಹೊಂದುವುದಿಲ್ಲ, ಉಳಿಸಲು ಅವರಿಗೆ ಬಿಲ್ಲೇ ಇಲ್ಲ. ನಿಮ್ಮ ಮನೆಯ ಕಳೆದ 12 ತಿಂಗಳ ಯೂನಿಟ್‌ಗಳನ್ನು ಬಿಲ್ ನೋಡಿ ಬರೆದುಕೊಳ್ಳಿ. ಯಾವ ತಿಂಗಳೂ 300ರ ಕೆಳಗೆ ಇಳಿಯದಿದ್ದರೆ 3 ಕಿಲೋವ್ಯಾಟ್‌ಗೆ ಒಪ್ಪಿಕೊಳ್ಳಿ.